ಡಿಸೆಂಬರ್ 31ರ ರಾತ್ರಿ ಊಟಕ್ಕೆ ಬನ್ನಿ

ಮಡಿಕೇರಿಯ ನಮ್ಮ ಗ್ರಾಹಕರಿಗೆಲ್ಲ ನಮಸ್ಕಾರ.

ಪುತ್ತರಿ ಮುಗಿಯಿತು, ತೋಟದಲ್ಲಿ ಕಾಫಿ ಕೊಯ್ಲು ನಡೆದಿದೆ, ಯಾರಿಗೂ ಪುರುಸೊತ್ತಿಲ್ಲ. ಆದರೂ ವರ್ಷದ ಕೊನೆಯ ರಾತ್ರಿ ಐದು ಗಂಟೆ ಬಿಡುವು ಮಾಡಿಕೊಳ್ಳಬಹುದು ಅಲ್ವಾ? 2025ರ ಡಿಸೆಂಬರ್ 31, ಬುಧವಾರ, ಸಂಜೆ 7.30ರಿಂದ ರಾತ್ರಿ 12.30ರವರೆಗೆ ನಮ್ಮ ಹೋಟೆಲಿನ ರೆಸ್ಟೋರೆಂಟಿನಲ್ಲಿ ಹೊಸ ವರ್ಷದ ಪಾರ್ಟಿ ಇದೆ. ಮನೆಮಂದಿಯೆಲ್ಲ ಬನ್ನಿ.

ಹೋದ ವರ್ಷ ಒಂದೇ ಟೇಬಲ್ಲಿಗೆ ಎರಡು ಕುಟುಂಬ ಬಂದು ನಿಂತಿದ್ದವು. ತಪ್ಪು ನಮ್ಮದೇ. ಫೋನಿನಲ್ಲಿ ಬರೆದುಕೊಂಡಿದ್ದು ಒಂದು, ಪುಸ್ತಕದಲ್ಲಿ ಬರೆದಿದ್ದು ಇನ್ನೊಂದು. ಅದಕ್ಕೇ ಈ ಸಲ ಎಲ್ಲವನ್ನೂ ಮೊದಲೇ ಬಿಡಿಸಿ ಹೇಳುತ್ತಿದ್ದೇವೆ.

ಪ್ರವೇಶ ಶುಲ್ಕ
ದೊಡ್ಡವರಿಗೆ (13 ವರ್ಷ ಮತ್ತು ಮೇಲ್ಪಟ್ಟು): ತಲಾ 1,800 ರೂಪಾಯಿ
6ರಿಂದ 12 ವರ್ಷದ ಮಕ್ಕಳಿಗೆ: 900 ರೂಪಾಯಿ
5 ವರ್ಷದವರೆಗೆ: ಉಚಿತ

ಊಟ, ಕೇಕ್, ಸಂಗೀತ, ಜಿಎಸ್‌ಟಿ ಎಲ್ಲ ಇದರಲ್ಲೇ ಸೇರಿದೆ. ಮದ್ಯ ಸೇರಿಲ್ಲ. ಅದರ ಬಿಲ್ ಬೇರೆ, ರೇಟು ಮಾಮೂಲಿ ಮೆನು ಕಾರ್ಡಿನದ್ದೇ. ಹಬ್ಬ ಅಂತ ಜಾಸ್ತಿ ಮಾಡಿಲ್ಲ. ಬುಕಿಂಗ್ ಮಾಡುವಾಗ ಪೂರ್ತಿ ಹಣ ಕೊಡಬೇಕು. ಡಿಸೆಂಬರ್ 28ರೊಳಗೆ ಬೇಡ ಎಂದರೆ ಪೂರ್ತಿ ವಾಪಸ್. ಆಮೇಲೆ ಹಣ ಬರುವುದಿಲ್ಲ, ಆದರೆ ನಿಮ್ಮ ಸೀಟು ಇನ್ನೊಬ್ಬರಿಗೆ ಕೊಟ್ಟುಕೊಳ್ಳಬಹುದು.

ಕೂರುವ ವ್ಯವಸ್ಥೆ
ಒಳಗಿನ ಹಾಲಿನಲ್ಲಿ ಆರು ಜನ ಕೂರುವ 14 ಟೇಬಲ್, ವರಾಂಡದಲ್ಲಿ ನಾಲ್ಕು ಜನ ಕೂರುವ 6 ಟೇಬಲ್. ಒಟ್ಟು 108 ಸೀಟು. ಅದರ ಮೇಲೆ ಒಂದು ಕುರ್ಚಿಯನ್ನೂ ಹಾಕುವುದಿಲ್ಲ, ಎಷ್ಟೇ ಗುರುತಿನವರಾಗಲಿ. ರಸೀದಿಯಲ್ಲಿ ಟೇಬಲ್ ನಂಬರ್ ಬರೆದಿರುತ್ತದೆ, ಆ ರಸೀದಿ ತನ್ನಿ. ಟೇಬಲ್ ರಾತ್ರಿ 9ರವರೆಗೆ ನಿಮಗಾಗಿ ಕಾಯುತ್ತದೆ. ತಡವಾಗುವುದಿದ್ದರೆ ರಿಸೆಪ್ಷನ್‌ಗೆ ಒಂದು ಫೋನ್ ಮಾಡಿ ಸಾಕು. ಇಬ್ಬರೇ ಬರುವವರಿಗೆ ಹಾಲಿನ ಟೇಬಲ್ಲನ್ನು ಬೇರೆಯವರ ಜೊತೆ ಹಂಚಿಕೊಳ್ಳಬೇಕಾಗಬಹುದು. ಬೇಡವೆಂದರೆ ವರಾಂಡದ್ದು ಕೇಳಿ. ಅಲ್ಲಿ ಚಳಿ ಜೋರು, ಸ್ವೆಟರ್ ಮರೆಯಬೇಡಿ. ಅಂಗಳದಲ್ಲಿ ಬೆಂಕಿ ಹಾಕಿರುತ್ತೇವೆ. ಮೆಟ್ಟಿಲು ಹತ್ತಲಾಗದ ಹಿರಿಯರಿದ್ದರೆ ಬುಕಿಂಗ್ ವೇಳೆಯೇ ಹೇಳಿ, ಬಾಗಿಲ ಪಕ್ಕದ ಟೇಬಲ್ ಕೊಡುತ್ತೇವೆ.

ಊಟ
ಬಂದ ಕೂಡಲೇ ಕಿತ್ತಳೆ ಜ್ಯೂಸ್, ಬಿಸಿ ಟೊಮೆಟೊ ಸೂಪ್. ಪಂದಿ ಕರಿ ಹಿಂದಿನ ದಿನ ಸಂಜೆಯೇ ಒಲೆ ಏರುತ್ತದೆ. ಕಾಚಂಪುಳಿ ಬಿದ್ದು, ಮಸಾಲೆ ಕಪ್ಪಗಾಗಿ, ಒಂದು ರಾತ್ರಿ ಕೂತ ಮೇಲೆ ಅದರ ರುಚಿಯೇ ಬೇರೆ. ಇದರಲ್ಲಿ ನಮ್ಮ ಅಡುಗೆಯವರು ಯಾರ ಮಾತೂ ಕೇಳುವುದಿಲ್ಲ, ನಾವು ಕೇಳಿಸುವುದೂ ಇಲ್ಲ. ಕಡಂಬುಟ್ಟು ಮಾತ್ರ ಒಟ್ಟಿಗೆ ಬೇಯಿಸಿಡುವುದಿಲ್ಲ. ತಣ್ಣಗಾದರೆ ಗಟ್ಟಿಯಾಗುತ್ತದೆ. ಹದಿನೈದು ನಿಮಿಷಕ್ಕೊಂದು ಸಲ ಹಬೆಯಿಂದ ಇಳಿಸಿ ತರುತ್ತೇವೆ, ಸ್ವಲ್ಪ ಕಾಯಬೇಕಾಗಬಹುದು. ಜೊತೆಗೆ ನೂಲ್‌ಪುಟ್ಟು, ಅಕ್ಕಿ ಒಟ್ಟಿ, ಕೋಳಿ ಕರಿ, ಮಟನ್ ಪಲಾವ್, ಅನ್ನ, ರಸಂ, ಮೊಸರು.

ಸಸ್ಯಾಹಾರಿಗಳಿಗೆ ಹಾಲಿನ ಇನ್ನೊಂದು ತುದಿಯಲ್ಲಿ ಪ್ರತ್ಯೇಕ ಕೌಂಟರ್. ಕುಂಬಳ ಕರಿ, ಅಣಬೆ ಕರಿ, ತರಕಾರಿ ಪಲಾವ್, ಗೋಬಿ ಇರುತ್ತವೆ. ಪಾತ್ರೆ, ಸೌಟು ಎಲ್ಲವೂ ಬೇರೆ. ಹಂದಿ ಮಾಂಸ ತಿನ್ನದವರೂ ಚಿಂತೆ ಮಾಡಬೇಡಿ, ಅದರ ಒಲೆ, ಪಾತ್ರೆ, ಕೌಂಟರ್ ಮೂರೂ ಬೇರೆ ಇರುತ್ತವೆ. ಊಟ 8.30ರಿಂದ 11ರವರೆಗೆ. 12ಕ್ಕೆ ಕೇಕ್, ಆಮೇಲೆ ಬೆಲ್ಲದ ಕಾಫಿ.

ವಯಸ್ಸಿನ ನಿಯಮ
18 ವರ್ಷ ತುಂಬದವರು ಅಪ್ಪ ಅಮ್ಮ ಅಥವಾ ಮನೆಯ ಹಿರಿಯರ ಜೊತೆ ಬಂದರೆ ಮಾತ್ರ ಪ್ರವೇಶ. ಮದ್ಯ ಕೊಡುವುದು 21 ತುಂಬಿದವರಿಗೆ ಮಾತ್ರ. ಆಧಾರ್, ಡ್ರೈವಿಂಗ್ ಲೈಸೆನ್ಸ್, ಯಾವುದಾದರೂ ಗುರುತಿನ ಚೀಟಿ ತನ್ನಿ. ಬಾಗಿಲಲ್ಲೇ ನೋಡಿ 21 ಆದವರ ಕೈಗೆ ಹಸಿರು ಪಟ್ಟಿ ಕಟ್ಟುತ್ತೇವೆ. ಪಟ್ಟಿ ಇಲ್ಲದವರಿಗೆ ಬಾರ್ ಕೌಂಟರಿನಲ್ಲಿ ಏನೂ ಸಿಗುವುದಿಲ್ಲ. "ನನ್ನ ಮಗ, ನಾನೇ ಹೇಳ್ತಿದ್ದೀನಿ" ಎಂದರೂ ಇಲ್ಲ. ದಯವಿಟ್ಟು ನಮ್ಮ ಹುಡುಗರ ಮೇಲೆ ಸಿಟ್ಟಾಗಬೇಡಿ. ಚಿಕ್ಕ ಮಕ್ಕಳಿಗೆ ಮಹಡಿಯ ಕೋಣೆಯಲ್ಲಿ ಕೇರಂ, ಚಿತ್ರ ಬಿಡಿಸುವ ಆಟ ಇದೆ, ನೋಡಿಕೊಳ್ಳಲು ಇಬ್ಬರು ಇರುತ್ತಾರೆ.

ಹೊರಗಿನ ಬಾಟಲಿ ತರಬೇಡಿ, ಮನೆಯಲ್ಲಿ ಮಾಡಿದ ವೈನ್ ಕೂಡ. ನಮ್ಮ ಲೈಸೆನ್ಸಿಗೆ ಕುತ್ತು. ಅಂಗಳದ ಸ್ಪೀಕರ್ 10 ಗಂಟೆಗೆ ಬಂದ್, ಆಮೇಲೆ ಹಾಲಿನೊಳಗೆ ಕಿಟಕಿ ಮುಚ್ಚಿಕೊಂಡು ವಾಲಗದ ಕುಣಿತ. ಪಟಾಕಿ ಇಲ್ಲ. ಕೋವಿಯ ಶಬ್ದ ಪುತ್ತರಿಯಲ್ಲೇ ಸಾಕಷ್ಟು ಕೇಳಿಯಾಗಿದೆ, ಅದು ಮನೆಯಲ್ಲೇ ಇರಲಿ.

ಕುಡಿದವರು ಗಾಡಿ ಓಡಿಸಬೇಡಿ. ಮಂಜು ಬಿದ್ದ ಮೇಲೆ ನಮ್ಮ ತಿರುವುಗಳು ಹೇಗಿರುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮಡಿಕೇರಿ ಟೌನ್ ಒಳಗೆ ನಮ್ಮ ಜೀಪು ಮನೆಗೆ ಬಿಟ್ಟು ಬರುತ್ತದೆ, ದುಡ್ಡಿಲ್ಲ. ಗಾಡಿ ಇಲ್ಲೇ ಇರಲಿ, ಬೆಳಿಗ್ಗೆ ತೆಗೆದುಕೊಂಡು ಹೋಗಿ.

ಬುಕಿಂಗ್ ಹೋಟೆಲ್ ರಿಸೆಪ್ಷನ್‌ನಲ್ಲಿ, ಪ್ರತಿದಿನ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ. ಕೊನೆಯ ದಿನ ಡಿಸೆಂಬರ್ 29. ಪಾರ್ಟಿಯ ದಿನ ಬಾಗಿಲಲ್ಲಿ ಟಿಕೆಟ್ ಕೊಡುವುದಿಲ್ಲ.

ಇಂತಿ,
ಮ್ಯಾನೇಜರ್ ಮತ್ತು ಅಡುಗೆಮನೆಯವರು