ನಾಲ್ಕನೆಯ ಸಾಲು

ಜಿಡ್ಡುಗಟ್ಟಿದ ಕಲ್ಲಿಗೆ ಕಾಗದ ಅಂಟುವುದಿಲ್ಲ. ಬದಿಯಡ್ಕದ ಹತ್ತಿರದ ಆ ದೇವಸ್ಥಾನದ ಶಾಸನಕ್ಕೆ ತಲೆಮಾರುಗಳ ದೀಪದೆಣ್ಣೆ ಮೆತ್ತಿತ್ತು. ತಂತಿ ಬ್ರಷ್ ತಾಗಿಸಿದರೆ ಅಕ್ಷರವೇ ಹೋದೀತೆಂದು ಶ್ರೀವಿದ್ಯಾ ಬಿಸಿನೀರು, ಮೆದು ಬ್ರಷ್ಷಿನಲ್ಲೇ ಬೆಳಗ್ಗೆಯಿಡೀ ಉಜ್ಜಿದಳು. ಪಡಿಯಚ್ಚು ತೆಗೆಯಲು ಒದ್ದೆ ಕಾಗದ ಹಾಸಿ, ಗಾಳಿ ಉಳಿಯದಂತೆ ನಡುವಿನಿಂದ ಅಂಚಿಗೆ ಬ್ರಷ್ಷಿನಿಂದ ಬಡಿದಳು. ಅರ್ಧ ಒಣಗಿದ ಮೇಲೆಯೇ ಮಸಿ. ಅವಸರಪಟ್ಟರೆ ಮಸಿ ಹರಡಿ ಅಕ್ಷರದ ಗುಂಡಿಗೆ ಇಳಿಯುತ್ತದೆ.

ಕಪ್ಪಿನ ನಡುವೆ ಬಿಳಿ ಅಕ್ಷರಗಳೆದ್ದವು. ನಂದಾದೀಪಕ್ಕೆ ಎರಡು ಮುಡಿ ಗದ್ದೆ ಬಿಟ್ಟ ದಾನ. ಶಕವರ್ಷದ ಎರಡನೆಯ ಅಂಕಿ ಸವೆದಿತ್ತು. ಊರವರು ಅದನ್ನು ೦ ಎಂದು ಓದುತ್ತ ಬಂದಿದ್ದರು: ಶಕ ೧೦೮೦, ಅಂದರೆ ಕ್ರಿ.ಶ. 1158. ರಾತ್ರಿ ಟಾರ್ಚನ್ನು ಕಲ್ಲಿಗೆ ಒರಗಿಸಿ ಹಿಡಿದಾಗ ಅವಳಿಗೆ ಅಲ್ಲಿ ೫ರ ಬಾಲ ಕಂಡಿತು. ಬಾಲವನ್ನಷ್ಟೇ ನಂಬುವ ಹಾಗಿಲ್ಲ. ಆದರೆ ನಾಲ್ಕನೆಯ ಸಾಲಿನಲ್ಲಿ ‘ವಿಳಂಬಿ ಸಂವತ್ಸರ’ ಸ್ಪಷ್ಟವಾಗಿತ್ತು. ಶಕ 1080 ಬಹುಧಾನ್ಯ, 1580 ವಿಳಂಬಿ; ಅರವತ್ತು ಸಂವತ್ಸರಗಳ ಚಕ್ರದಲ್ಲಿ ಎರಡಕ್ಕೂ ಇಪ್ಪತ್ತು ವರ್ಷದ ಅಂತರ. ಶಾಸನಗಳಲ್ಲಿ ಸಂವತ್ಸರ ಒಂದೆರಡು ವರ್ಷ ಆಚೀಚೆಯಾಗುವುದುಂಟು, ಇಪ್ಪತ್ತು ವರ್ಷ ಆಗುವುದಿಲ್ಲ. ಲಿಪಿಯೂ ಬೇಕಲ ಕೋಟೆ ಕಟ್ಟಿಸಿದ ಇಕ್ಕೇರಿ ಶಿವಪ್ಪ ನಾಯಕನ ಕಾಲದ್ದೇ. 1658.

“ಬ್ರಹ್ಮಕಲಶಕ್ಕೆ ಆಮಂತ್ರಣ ಅಚ್ಚಾಗಿ ಬಂತಲ್ಲ ಮಗಳೇ,” ಎಂದರು ಭಟ್ರು. ಬೀಗದ ಕೈ ಅವಳ ಕೈಗೆ ಕೊಟ್ಟವರು, ಮಧ್ಯಾಹ್ನದ ಊಟಕ್ಕೆ ಕರೆಯದ ದಿನವಿಲ್ಲ. “ಸುಳ್ಳು ಬರಿ ಅಂತ ನಾನು ಹೇಳುವುದಿಲ್ಲ. ಸವೆದ ಅಕ್ಷರಕ್ಕೆ ನೀವು ಚುಕ್ಕೆ ಹಾಕ್ತೀರಲ್ಲ? ಆ ನಾಲ್ಕನೇ ಸಾಲಿಗೂ ಹಾಕು. ಸಮಿತಿಯವರ ಬಾಯಿಗೆ ನನ್ನನ್ನು ಕೊಡಬೇಡ.”

ಸುಲಭದ ಕೆಲಸ. ಸ್ಮರಣ ಸಂಚಿಕೆ ಓದುವವರು ಯಾರೂ ಕಲ್ಲಿಗೆ ಟಾರ್ಚ್ ಹಿಡಿಯಲಾರರು. ಮಾರ್ಗದರ್ಶಕರಿಗೂ ಅವಳು ಕಳಿಸಿದ ಪಡಿಯಚ್ಚೇ ಆಧಾರ. ಮೂರಕ್ಷರದ ಜಾಗದಲ್ಲಿ ಮೂರು ಚುಕ್ಕೆ ಹಾಕಿ ನೋಡಿದಳು. ಪಾಠ ಏನೂ ಕೆಟ್ಟಂತೆ ಕಾಣಲಿಲ್ಲ. ಅದೇ ಅವಳಿಗೆ ಹೆದರಿಕೆಯಾದದ್ದು. ನಾಳೆ ಇನ್ನೊಬ್ಬರು ಈ ಚುಕ್ಕೆಗಳನ್ನು ನಂಬಿ ಹನ್ನೆರಡನೆಯ ಶತಮಾನದ ಭೂದಾನಗಳ ಪಟ್ಟಿಗೆ ಈ ಗದ್ದೆಯನ್ನೂ ಸೇರಿಸಿಯಾರು.

ಚುಕ್ಕೆ ಅಳಿಸಿದಳು. ಸಂಶಯವಿದ್ದ ಐದನ್ನು ಚೌಕ ಕಂಸದೊಳಗಿಟ್ಟು, ‘ವಿಳಂಬಿ’ಯನ್ನು ಇದ್ದ ಹಾಗೆಯೇ ಬರೆದಳು. ಕಳಿಸುವ ಮೊದಲು ಭಟ್ರಿಗೆ ಫೋನ್ ಮಾಡಿದಳು.

“ಐನೂರು ವರ್ಷ ಕಳೆದೆಯಲ್ಲ!”

“ಕಲ್ಲಿನದ್ದು ಮಾತ್ರ ಭಟ್ರೇ. ದೇವಸ್ಥಾನ ಅದಕ್ಕಿಂತ ಹಳೆಯದಿರಬಹುದು. ಈ ಕಲ್ಲು ಅದಕ್ಕೆ ಸಾಕ್ಷಿ ಅಲ್ಲ, ಅಷ್ಟೇ.”

“ಅದನ್ನೂ ಬರೆದಿದ್ದೀಯಾ?”

“ಬರೆದಿದ್ದೇನೆ.”

“ಆಮಂತ್ರಣದ್ದು ಹೇಗೂ ಹಂಚಿ ಆಯಿತು. ಅಮೃತಶಿಲೆ ಕೆತ್ತುವವನ ನಂಬರ್ ಕೊಡ್ತೇನೆ, ಇಸವಿ ಕೆತ್ತುವುದು ಬಾಕಿ ಉಂಟು. ನೀನೇ ಹೇಳು. ಸಮಿತಿಯವರು ಕೇಳಿದರೆ ನಿನ್ನ ಹೆಸರೇ ಹೇಳುವುದು ನಾನು.”

“ಹೇಳಿ,” ಎಂದು ಶ್ರೀವಿದ್ಯಾ ಪೆನ್ನು ತೆಗೆದಳು.