ದಸರಾ–ದೀಪಾವಳಿ 2025: ಬಾಗಲಕೋಟೆಯ ಸೀರೆ ಮಳಿಗೆಯ ಕರೆ ಸಂದೇಶಗಳು

ಸ್ವಾಗತ

ನಮಸ್ಕಾರ. ಇಳಕಲ್ ಸೀರೆ ಮತ್ತು ಗುಳೇದಗುಡ್ಡ ಖಣದ ಮಳಿಗೆಗೆ, ಬಾಗಲಕೋಟೆಗೆ ಸ್ವಾಗತ. ಕನ್ನಡದಲ್ಲಿ ಮಾತನಾಡಲು 1 ಒತ್ತಿರಿ. ಸೊಲ್ಲಾಪುರ, ಸಾಂಗಲಿ ಕಡೆಯಿಂದ ಕರೆ ಮಾಡುತ್ತಿರುವವರು ಮರಾಠಿಗಾಗಿ 2, ಹಿಂದಿಗಾಗಿ 3 ಒತ್ತಿರಿ. ಏನನ್ನೂ ಒತ್ತದಿದ್ದರೆ ಕನ್ನಡದಲ್ಲೇ ಮುಂದುವರಿಯುತ್ತೇವೆ.

ಮುಖ್ಯ ಮೆನು

ಹಬ್ಬದ ದಿನಗಳಲ್ಲಿ ಮಳಿಗೆ ತೆರೆದಿರುವ ಸಮಯ ತಿಳಿಯಲು 1 ಒತ್ತಿರಿ.
ಹಬ್ಬದ ಕೊಡುಗೆಗಳಿಗೆ 2.
ಈಗಾಗಲೇ ಹೇಳಿಟ್ಟ ಸೀರೆ ಎಲ್ಲಿಯವರೆಗೆ ಬಂದಿದೆ ಎಂದು ಕೇಳಲು 3. ರಸೀದಿಯ ಬಲಮೂಲೆಯಲ್ಲಿರುವ ಐದು ಅಂಕಿಗಳ ಸಂಖ್ಯೆಯನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.
ಬದಲಾವಣೆ, ದೂರು, ಹಣ ವಾಪಸಾತಿಗೆ 4.
ನಮ್ಮವರೊಬ್ಬರ ಜೊತೆ ನೇರವಾಗಿ ಮಾತನಾಡಲು 0.
ಮತ್ತೊಮ್ಮೆ ಕೇಳಲು ನಕ್ಷತ್ರದ ಗುರುತನ್ನು ಒತ್ತಿರಿ.

1 ಒತ್ತಿದವರಿಗೆ: ಹಬ್ಬದ ಸಮಯ

ಸೆಪ್ಟೆಂಬರ್ 22, ಸೋಮವಾರ, ಘಟಸ್ಥಾಪನೆಯ ದಿನದಿಂದ ಸೆಪ್ಟೆಂಬರ್ 30ರವರೆಗೆ ಮಳಿಗೆ ಬೆಳಿಗ್ಗೆ 9ರಿಂದ ರಾತ್ರಿ 9:30ರವರೆಗೆ ತೆರೆದಿರುತ್ತದೆ. ಭಾನುವಾರವೂ ಇರುತ್ತದೆ. ಅಕ್ಟೋಬರ್ 1, ಬುಧವಾರ, ಖಂಡೇನವಮಿ: ಮಧ್ಯಾಹ್ನ 1 ಗಂಟೆಯವರೆಗೆ ಮಾತ್ರ. ಅಕ್ಟೋಬರ್ 2, ಗುರುವಾರ, ವಿಜಯದಶಮಿಯಂದು ಪೂರ್ಣ ರಜೆ.

ದೀಪಾವಳಿಯಲ್ಲಿ, ಅಕ್ಟೋಬರ್ 20, ಸೋಮವಾರ ರಾತ್ರಿ 10ರವರೆಗೆ ವ್ಯಾಪಾರ ಇರುತ್ತದೆ. 21, ಮಂಗಳವಾರ ಮಧ್ಯಾಹ್ನ 2ಕ್ಕೆ ಬಾಗಿಲು ಹಾಕುತ್ತೇವೆ. ಸಂಜೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ಪೂಜೆಗೆ ಬನ್ನಿ, ಪ್ರಸಾದ ತೆಗೆದುಕೊಂಡು ಹೋಗಿ, ಆದರೆ ಅಂದು ಸೀರೆ ಬಿಚ್ಚಿ ತೋರಿಸಲು ಕೇಳಬೇಡಿ. 22, ಬುಧವಾರ, ಬಲಿಪಾಡ್ಯಮಿಯಂದು ರಜೆ.

ಒಂದು ಮುಖ್ಯ ಮಾತು. ನಮ್ಮ ಅಂಗಡಿಗಳು ಎರಡು. ಹಳೆಯ ಬಾಗಲಕೋಟೆಯ ಅಂಗಡಿಯಲ್ಲಿ ಖಣ ಮತ್ತು ಹೊಲಿಗೆ ಮಾತ್ರ. ಸೀರೆಗಳು ಇರುವುದು ನವನಗರದ ಮಳಿಗೆಯಲ್ಲಿ. ಪ್ರತಿ ಹಬ್ಬದಲ್ಲೂ ದಿನಕ್ಕೆ ನಾಲ್ಕಾರು ಕುಟುಂಬಗಳು ಮಕ್ಕಳು ಮರಿಗಳನ್ನು ಕಟ್ಟಿಕೊಂಡು ಹಳೆಯ ಊರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ನವನಗರಕ್ಕೆ ಬರುತ್ತವೆ. ಆಟೋ ಹತ್ತುವಾಗಲೇ "ನವನಗರ" ಎಂದು ಹೇಳಿ.

2 ಒತ್ತಿದವರಿಗೆ: ಕೊಡುಗೆಗಳು

ವಿದ್ಯುತ್ ಮಗ್ಗದ ಇಳಕಲ್ ಸೀರೆಗಳ ಮೇಲೆ ಶೇಕಡಾ 15 ರಿಯಾಯಿತಿ, ಸೆಪ್ಟೆಂಬರ್ 22ರಿಂದ ಅಕ್ಟೋಬರ್ 21ರವರೆಗೆ. ಎರಡು ಸೀರೆ ಕೊಂಡರೆ ಒಂದು ಕುಪ್ಪಸದ ಖಣ ಉಚಿತ. ಬಣ್ಣ ನಿಮ್ಮ ಆಯ್ಕೆ. 5,000 ರೂಪಾಯಿಗಿಂತ ಹೆಚ್ಚಿನ ಖರೀದಿಗೆ ಫಾಲ್ ಮತ್ತು ಪಿಕೊ ಉಚಿತ.

ಕೈಮಗ್ಗದ ಸೀರೆಗೆ ರಿಯಾಯಿತಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದರ ಬೆಲೆಯಲ್ಲಿ ಇಳಿಸಿದರೆ ಇಳಿಯುವುದು ನೇಕಾರರ ಕೂಲಿಯೇ. ಬದಲಿಗೆ ಕೈಮಗ್ಗದ ಸೀರೆಯ ಸೆರಗಿಗೆ ಕುಚ್ಚು ಕಟ್ಟಿಸಿ ಕೊಡುತ್ತೇವೆ, ಅದಕ್ಕೆ ಹಣ ಕೇಳುವುದಿಲ್ಲ.

ಇದೇ ವಿಷಯದ ಬಗ್ಗೆ ಮಾತನಾಡಲು 0, ಹಿಂದಿನ ಮೆನುವಿಗೆ 9 ಒತ್ತಿರಿ.

3 ಒತ್ತಿದವರಿಗೆ

ರಸೀದಿಯ ಐದು ಅಂಕಿಗಳನ್ನು ಒತ್ತಿ, ಕೊನೆಗೆ ಹ್ಯಾಶ್ ಗುರುತನ್ನು ಒತ್ತಿರಿ.

ಸಂಖ್ಯೆ ತಪ್ಪಿದಾಗ: ಈ ಸಂಖ್ಯೆ ನಮ್ಮ ಪುಸ್ತಕದಲ್ಲಿ ಸಿಗಲಿಲ್ಲ. 1 ಮತ್ತು 7 ಒಂದೇ ರೀತಿ ಕಂಡಿರಬಹುದು. ಆ ತಪ್ಪು ನಮ್ಮ ಬರಹದ್ದು. ಇನ್ನೊಮ್ಮೆ ಪ್ರಯತ್ನಿಸಿ, ಇಲ್ಲವೇ 0 ಒತ್ತಿರಿ.

ಸೀರೆ ಮಗ್ಗದ ಮೇಲಿರುವಾಗ: ನಿಮ್ಮ ಸೀರೆ ಇನ್ನೂ ಮಗ್ಗದ ಮೇಲಿದೆ. ಮುಗಿದ ದಿನವೇ ನಿಮಗೆ ಕರೆ ಬರುತ್ತದೆ.

ಸಿದ್ಧವಾಗಿರುವಾಗ: ನಿಮ್ಮ ಸೀರೆ ನವನಗರದ ಮಳಿಗೆಯಲ್ಲಿ ಸಿದ್ಧವಾಗಿದೆ. ರಸೀದಿ ತನ್ನಿ.

ಕಾಯುವಾಗ, ಮೊದಲ ಸಂದೇಶ

ದಯವಿಟ್ಟು ಲೈನಿನಲ್ಲಿರಿ. ನಮ್ಮವರು ಇನ್ನೊಬ್ಬ ಗ್ರಾಹಕರೊಂದಿಗೆ ಮಾತನಾಡುತ್ತಿದ್ದಾರೆ. ಸೇವೆಯ ಗುಣಮಟ್ಟಕ್ಕಾಗಿ ಈ ಕರೆಯನ್ನು ದಾಖಲಿಸಿಕೊಳ್ಳಲಾಗುತ್ತಿದೆ.

ಕಾಯುವಾಗ, ಎರಡನೆಯದು *(ನಿಧಾನವಾಗಿ ಓದಿ, ಹಿಂದೆ ಸಂಗೀತ ಬೇಡ)*

ದೀಪಾವಳಿಗೆ ಹೊಸದಾಗಿ ನೇಯಿಸಿಕೊಳ್ಳುವ ಕೈಮಗ್ಗದ ಸೀರೆಯ ಬೇಡಿಕೆಯನ್ನು ಸೆಪ್ಟೆಂಬರ್ 27, ಶನಿವಾರದವರೆಗೆ ಮಾತ್ರ ತೆಗೆದುಕೊಳ್ಳುತ್ತೇವೆ. ಕಾರಣ ಇಷ್ಟೇ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಒಂದರೊಳಗೊಂದು ಸಿಕ್ಕಿಸಿ ಕೂಡಿಸುತ್ತಾರೆ. ಅದಕ್ಕೇ ಕೊಂಡಿ ಎನ್ನುವುದು. ಆರು ಗಜಕ್ಕೆ ಹೂಡಿದ ಹಾಸು ಆರು ಗಜಕ್ಕೇ, ಒಂಬತ್ತು ಗಜದ್ದು ಒಂಬತ್ತಕ್ಕೇ. ನಡುವೆ ಖಂಡೇಪೂಜೆ ಬರುತ್ತದೆ. ಅಂದು ಮಗ್ಗಕ್ಕೂ ಪೂಜೆ, ನಮ್ಮ ನೇಕಾರರು ಅಂದು ಲಾಳಿ ಮುಟ್ಟುವುದಿಲ್ಲ. 27ರ ನಂತರ ಕೇಳಿದವರಿಗೆ "ನೋಡೋಣ" ಎಂದು ಹೇಳಿ ಆಸೆ ಹುಟ್ಟಿಸುವುದಿಲ್ಲ. ಮಳಿಗೆಯಲ್ಲಿ ಸಿದ್ಧವಿರುವುದನ್ನು ತೋರಿಸುತ್ತೇವೆ.

ಕಾಯುವಾಗ, ಮೂರನೆಯದು

ಕೈಮಗ್ಗವೋ ವಿದ್ಯುತ್ ಮಗ್ಗವೋ ಎಂದು ಅನುಮಾನವೇ? ಒಡಲು ಮುಗಿದು ಕೆಂಪು ಸೆರಗು ಆರಂಭವಾಗುವ ಗೆರೆಯ ಮೇಲೆ ಬೆರಳಾಡಿಸಿ. ಕೊಂಡಿ ಹಾಕಿದ ಸೀರೆಯಲ್ಲಿ ಆ ಗೆರೆಯುದ್ದಕ್ಕೂ ಸಾಲಾಗಿ ಸಣ್ಣ ಉಬ್ಬು ಬೆರಳಿಗೆ ತಾಗುತ್ತದೆ. ಕಸೂತಿ ಇದ್ದರೆ ಸೆರಗನ್ನು ತಿರುವಿ ಹಾಕಿ ನೋಡಿ. ಗವಂತಿ ಹೊಲಿಗೆಯಲ್ಲಿ ಹಿಂಬದಿಯೂ ಮುಂಬದಿಯಂತೆಯೇ ಇರುತ್ತದೆ, ಗಂಟು ಕಾಣುವುದಿಲ್ಲ. ಯಾವ ಅಂಗಡಿಯಲ್ಲಿ ಕೊಂಡರೂ ಹೀಗೆ ನೋಡಿಯೇ ಕೊಳ್ಳಿ. ನಮ್ಮಲ್ಲೂ ನೋಡಿ.

ಕಾಯುವಾಗ, ನಾಲ್ಕನೆಯದು *(ಮೂರು ನಿಮಿಷ ದಾಟಿದವರಿಗೆ)*

ಬಹಳ ಹೊತ್ತಾಯಿತು, ಕ್ಷಮಿಸಿ. ಸಂಜೆ 5ರಿಂದ 8ರವರೆಗೆ ಕರೆಗಳು ಹೆಚ್ಚು. ಬೆಳಿಗ್ಗೆ 11ರೊಳಗೆ ಮಾಡಿದರೆ ಬೇಗ ಸಿಗುತ್ತೇವೆ. ಈಗ ಕಾಯಲು ಆಗದಿದ್ದರೆ 5 ಒತ್ತಿ ಫೋನ್ ಇಟ್ಟುಬಿಡಿ. ಇದೇ ಸಂಖ್ಯೆಗೆ ನಾವೇ ಇವತ್ತೇ ಕರೆ ಮಾಡುತ್ತೇವೆ. ದಡಿ ಯಾವುದು, ಗೋಮಿಯೋ ಚಿಕ್ಕಿ ಪರಾಸೋ ಎಂದು ಫೋನಿನಲ್ಲಿ ಹೇಳಲು ಕಷ್ಟವಾದರೆ, ನೀವು ಕರೆ ಮಾಡಿರುವ ಇದೇ ಸಂಖ್ಯೆಗೆ ವಾಟ್ಸಪ್‌ನಲ್ಲಿ ಫೋಟೋ ಕಳುಹಿಸಿ. ಅಜ್ಜಿಯ ಹಳೆಯ ಸೀರೆಯ ಫೋಟೋ ಆದರೂ ನಡೆಯುತ್ತದೆ. ಅಂಥದ್ದೇ ಬಣ್ಣ ಹುಡುಕುವುದು ನಮಗೆ ಇಷ್ಟದ ಕೆಲಸ.

ಎಚ್ಚರಿಕೆ *(ಪ್ರತಿ ಎರಡು ಸಂದೇಶಗಳ ನಡುವೆ ಒಮ್ಮೆ)*

ಹಬ್ಬದ ಬಹುಮಾನ ಬಂದಿದೆ ಎಂದು ನಾವು ಯಾರಿಗೂ ಕರೆ ಮಾಡುವುದಿಲ್ಲ, ಲಿಂಕ್ ಕಳುಹಿಸುವುದಿಲ್ಲ, ಒಟಿಪಿ ಕೇಳುವುದಿಲ್ಲ. ನಮ್ಮ ಹೆಸರಿನಲ್ಲಿ ಯಾರಾದರೂ ಕೇಳಿದರೆ ಕರೆಯನ್ನು ಕಡಿದುಹಾಕಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

4 ಒತ್ತಿದವರಿಗೆ

ಕೊಂಡ ದಿನದಿಂದ 10 ದಿನಗಳೊಳಗೆ ಸೀರೆ ಬದಲಿಸಿಕೊಳ್ಳಬಹುದು. ಮಡಿಕೆ ಬಿಚ್ಚಿದ್ದರೂ ಪರವಾಗಿಲ್ಲ. ಫಾಲ್ ಹೊಲಿಸಿದ್ದರೆ ಅಥವಾ ನೀರಿಗೆ ಹಾಕಿದ್ದರೆ ಆಗುವುದಿಲ್ಲ. ನೇಯ್ಗೆಯ ದೋಷವಿದ್ದರೆ ಈ ಮಿತಿಗಳು ಅನ್ವಯಿಸುವುದಿಲ್ಲ. ನಿಮ್ಮ ದೂರು ಕೇಳಲು ಈಗ ಒಬ್ಬರಿಗೆ ಸಂಪರ್ಕ ಕೊಡುತ್ತಿದ್ದೇವೆ.

ತಪ್ಪು ಗುಂಡಿ ಒತ್ತಿದಾಗ

ಆ ಸಂಖ್ಯೆಗೆ ಇಲ್ಲಿ ಏನೂ ಇಲ್ಲ. ಅವಸರ ಬೇಡ, ಮತ್ತೆ ಹೇಳುತ್ತೇವೆ.

ವಿಜಯದಶಮಿಯಂದು ಮಾತ್ರ

ನಮಸ್ಕಾರ. ಇಂದು ಮಳಿಗೆಗೆ ರಜೆ. ನಾವೂ ಬನ್ನಿ ಹಂಚಲು ಊರೂರು ತಿರುಗುತ್ತಿದ್ದೇವೆ. ಫೋನಿನಲ್ಲಿ ಎಲೆ ಕೊಡಲು ಆಗುವುದಿಲ್ಲವಾದ್ದರಿಂದ ಮಾತಿನಲ್ಲೇ ಸ್ವೀಕರಿಸಿ: ಬನ್ನಿ ತೆಗೆದುಕೊಂಡು ಬಂಗಾರದಂತೆ ಇರೋಣ. ನಾಳೆ, ಶುಕ್ರವಾರ, ಬೆಳಿಗ್ಗೆ 10ಕ್ಕೆ ಬಾಗಿಲು ತೆರೆಯುತ್ತೇವೆ. ನಿಮ್ಮ ಹೆಸರು, ಊರು, ರಸೀದಿ ಇದ್ದರೆ ಅದರ ಸಂಖ್ಯೆ, ಇಷ್ಟನ್ನು ಬೀಪ್ ಶಬ್ದದ ನಂತರ ಹೇಳಿ ಫೋನ್ ಇಡಿ.