ಕೆಲಸ ಬಿಡುವ ಮುನ್ನ ನನ್ನ ಅಭಿಪ್ರಾಯ: ಕ್ವಾಲಿಟಿ ವಿಭಾಗ, ಬಳ್ಳಾರಿ

ಆಡಳಿತ ವಿಭಾಗದ ಮೇಡಂ ಅವರಿಗೆ ನಮಸ್ಕಾರ.

ನಿನ್ನೆ ಎಕ್ಸಿಟ್ ಇಂಟರ್‌ವ್ಯೂ ಮುಗಿದ ಮೇಲೆ, ಹೇಳಿದ್ದನ್ನೆಲ್ಲ ಬರೆದು ಕೊಡಿ ಎಂದಿದ್ದಿರಿ. ಸಂಬಳ ಒಂದು ಕಾರಣ, ನಿಜ. ಬೆಂಗಳೂರಿನಲ್ಲಿ ಹೆಚ್ಚು ಕೊಡುತ್ತಿದ್ದಾರೆ. ಆದರೆ ಸಂಬಳಕ್ಕಾಗಿಯೇ ಆಗಿದ್ದರೆ ನಾನು ಊರು ಬಿಡುತ್ತಿರಲಿಲ್ಲ.

ನಮ್ಮಲ್ಲಿ ರಿಜೆಕ್ಷನ್ ಕಾಣಿಸುವುದು ವಾಷಿಂಗ್‌ನಿಂದ ಮಾಲು ಬಂದ ಮೇಲೆ, ಅದು ಹುಟ್ಟುವುದು ಮಾತ್ರ ಕಟಿಂಗ್ ಟೇಬಲ್ ಮೇಲೆ. ಬೇರೆ ಬೇರೆ ಲಾಟಿನ ಡೆನಿಮ್ ರೋಲ್‌ಗಳನ್ನು ಒಟ್ಟಿಗೆ ಹಾಸಿ, ಒಂದೇ ಅಳತೆಗೆ ಕತ್ತರಿಸುತ್ತೇವೆ. ಒಂದು ರೋಲ್ ನೀರಿಗೆ ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. 34ರ ಲೇಬಲ್ ಇರುವ ಪ್ಯಾಂಟ್ ಟೇಪ್ ಹಿಡಿದರೆ 33 ಬರುತ್ತದೆ. ಬಂಡಲ್ ಅದಲುಬದಲಾದರೆ ಎಡಗಾಲು ಒಂದು ಬಣ್ಣ, ಬಲಗಾಲು ಇನ್ನೊಂದು.

ಇದರ ದುಡ್ಡು ಹೋಗುವುದು ಟೈಲರ್‌ಗಳ ಪೀಸ್ ರೇಟಿನಿಂದ. ದಸರಾ ಆರ್ಡರಿನಲ್ಲಿ ಒಬ್ಬ ಅಕ್ಕ ತನ್ನ ಬಂಡಲ್ ತಂದು ನನ್ನ ಮೇಜಿನ ಮೇಲಿಟ್ಟು, "ನನ್ ಹೊಲಿಗ್ಯಾಗ ಏನ್ ತಪ್ಪೈತಿ, ತೋರ್ಸ್ರಿ" ಅಂದಳು. ಪ್ಯಾಂಟ್ ತಿರುವಿ ನೋಡಿದೆ. ಸೊಂಟದಿಂದ ಪಾದದವರೆಗೆ ಹೊಲಿಗೆಯ ಅಂಚು ಒಂದೇ ಸಮ. ತೋರಿಸಲು ತಪ್ಪೇ ಇರಲಿಲ್ಲ, ಆದರೂ ಶನಿವಾರದ ಬಟವಾಡೆಯಲ್ಲಿ ಆಕೆಯ ಹಣ ಕಡಿತವಾಯಿತು. ಆಕೆ ಮರುವಾರ ಬೇರೆ ಯೂನಿಟ್ಟಿಗೆ ಹೋದಳು. ಕೈ ಪಳಗಿದ ಟೈಲರ್ ಸಿಗುತ್ತಿಲ್ಲ ಎಂದು ನಾವು ಹುಡುಕುತ್ತಿರುವಾಗಲೇ ಇದ್ದವರು ಹೀಗೆ ಹೋಗುತ್ತಿದ್ದಾರೆ. ಆ ಕಡಿತದ ಚೀಟಿಗೆ ಸಹಿ ಹಾಕುವುದು ನನ್ನ ಕೆಲಸ. ನಾನು ಬಿಡುತ್ತಿರುವುದಕ್ಕೆ ದೊಡ್ಡ ಕಾರಣ ಅದೇ.

ಕಟಿಂಗ್ ಮಾಸ್ಟರ್ ಮೇಲೆ ನನ್ನ ದೂರಿಲ್ಲ. ಬಟ್ಟೆ ಸಂಜೆ ಇಳಿದು, ಬೆಳಿಗ್ಗೆ ಕತ್ತರಿಸಿ ಕೊಡಿ ಎಂದರೆ ಅವರಾದರೂ ಏನು ಮಾಡಿಯಾರು?

ಪ್ರತಿ ರೋಲಿನಿಂದ ಒಂದು ತುಂಡು ತೆಗೆದು, 50 ಸೆಂ.ಮೀ. ಚೌಕ ಗುರುತು ಹಾಕಿ, ಆರ್ಡರಿಗೆ ಮಾಡುವ ವಾಷನ್ನೇ ಮಾಡಿಸಿ ಅಳೆಯಬೇಕು. 48.5ಕ್ಕೆ ಇಳಿದರೆ ಶೇ. 3 ಕುಗ್ಗಿತು ಎಂದರ್ಥ. ಒಂದೇ ರೀತಿ ಕುಗ್ಗುವ, ಒಂದೇ ಬಣ್ಣ ಬರುವ ರೋಲ್‌ಗಳನ್ನು ಬೇರೆ ಮಾಡಿಟ್ಟು, ಪ್ಯಾಟರ್ನಿನಲ್ಲಿ ಅಷ್ಟು ಹೆಚ್ಚು ಬಿಟ್ಟು ಕತ್ತರಿಸಿದರೆ ಆಯಿತು. ಇದಕ್ಕೆ ಹೊಸ ಮಷೀನ್ ಬೇಡ, ಕಟಿಂಗಿಗೆ ಮುಂಚೆ ಸ್ವಲ್ಪ ಸಮಯ ಬೇಕು. ಅಲ್ಲಿಯವರೆಗೆ, ಹೊಲಿಗೆಯದೇ ತಪ್ಪು ಎಂದು ಟೈಲರ್ ಎದುರಿಗೇ ತೋರಿಸದೆ ಯಾರ ಹಣವನ್ನೂ ಕಡಿತ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಇಲ್ಲಿ ಬಟವಾಡೆ ಒಂದು ವಾರವೂ ತಪ್ಪಿದ್ದಿಲ್ಲ. ಹೆಲ್ಪರ್ ಆಗಿ ಸೇರಿದ ನನಗೆ ಸ್ಯಾಂಪಲ್ ವಿಭಾಗದಲ್ಲಿ ಕೂರಿಸಿ ಕೆಲಸ ಕಲಿಸಿದ್ದು ಇದೇ ಯೂನಿಟ್. ಅದಕ್ಕೇ ಇಷ್ಟು ಬಿಚ್ಚಿ ಬರೆದೆ.

ಇದನ್ನು ಫ್ಲೋರ್ ಇನ್‌ಚಾರ್ಜ್ ಅವರಿಗೂ ಮಾಲೀಕರಿಗೂ ತೋರಿಸಬಹುದು. ಇನ್‌ಚಾರ್ಜ್ ಅವರಿಗೆ ನಾನೇ ಮೊದಲು ಓದಿ ಹೇಳಿದ್ದೇನೆ. ರಿಜೆಕ್ಷನ್ ರಿಜಿಸ್ಟರನ್ನು ರೋಲ್ ನಂಬರ್ ಸಹಿತ ಬರೆದಿಟ್ಟಿದ್ದೇನೆ, ಹೊಸಬರಿಗೆ ಶುಕ್ರವಾರ ಒಪ್ಪಿಸುತ್ತೇನೆ. ಆಮೇಲೂ ಅದರಲ್ಲಿ ಏನಾದರೂ ತಿಳಿಯದಿದ್ದರೆ ಫೋನ್ ಮಾಡಲಿ.

ಇಂತಿ,
ಕ್ವಾಲಿಟಿ ಸೂಪರ್‌ವೈಸರ್, ಫಿನಿಶಿಂಗ್ ವಿಭಾಗ